ಯಾವ ಊರಿನ ವಾಡಿಕೆ?

ನಮ್ಮ ಅಣ್ಣ ಇಂಡಿ ತಾಲ್ಲೂಕಿನಲ್ಲಿ ತೊಗರಿ, ಬಿಳಿಜೋಳ ಬೆಳೆಯುವವನು. ನಾನು ಪುಣೆಯ ಕಾಲೇಜುಗಳಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ಈಗ ಮನೆಯಲ್ಲಿ ಕೂತವನು. ಮಳೆಗಾಲದಲ್ಲಿ ವಾರಕ್ಕೊಂದು ಸಲ ಅವನ ಫೋನು ಬರುತ್ತದೆ. ಆಕಾಶ ನೋಡುವ ಕೆಲಸ ಅವನದು, ಅಂಕಿ ನೋಡುವ ಕೆಲಸ ನನ್ನದು ಎಂದು ಅವನ ಲೆಕ್ಕ. ಕಳೆದ ಮಳೆಗಾಲದ ಒಂದು ದಿನ ಅವನು ಕೇಳಿದ ಪ್ರಶ್ನೆಯಿಂದಲೇ ಇವತ್ತಿನ ಮಾತು ಹುಟ್ಟಿದ್ದು.

“ತಮ್ಮಾ, ಪೇಪರಿನ್ಯಾಗ ‘ವಾಡಿಕೆಗಿಂತ ಕಡಿಮೆ ಮಳೆ’ ಅಂತ ಬರದಾರ. ಹೋದ ಸಲಾನೂ ಇದನ್ನ ಬರದಿದ್ರು, ಅದರ ಹಿಂದಿನ ಸಲಾನೂ ಇದನ್ನ. ಯಾವಾಗ ನೋಡಿದ್ರೂ ಕಡಿಮಿ ಬರೂದಾದ್ರ ಅದು ವಾಡಿಕಿ ಹ್ಯಾಂಗ ಆಕ್ಕೈತಿ? ಯಾವ ಊರಿನ ವಾಡಿಕಿ ಅದು?”

“ನಮ್ಮ ಪುಣೆದು” ಎಂದು ನಗೆಯಾಡಿದೆ. ಫೋನಿಟ್ಟ ಮೇಲೆ ನೋಡಿದರೆ ನಗೆಯಾಡಿದ್ದು ಸುಳ್ಳೇನೂ ಆಗಿರಲಿಲ್ಲ.

ಪುಣೆಯ ಶಿವಾಜಿನಗರದಲ್ಲಿ ಒಂದು ಹಳೆಯ ಕಲ್ಲಿನ ಕಟ್ಟಡವಿದೆ. ರಿಕ್ಷಾದವರಿಗೆ ‘ಸಿಮ್ಲಾ ಆಫೀಸ್’ ಎಂದರೆ ಸಾಕು, ನೇರವಾಗಿ ಅಲ್ಲಿಗೇ ತಂದು ಬಿಡುತ್ತಾರೆ. ಪುಣೆಯಲ್ಲಿ ಸಿಮ್ಲಾ ಎಲ್ಲಿಂದ ಬಂತು ಎಂದರೆ, ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾದಲ್ಲಿತ್ತು, 1928ರಲ್ಲಿ ಅದನ್ನು ಪುಣೆಗೆ ತಂದರು. ಮುಂದೆ ಕೇಂದ್ರ ಕಚೇರಿ ದೆಹಲಿಗೆ ಹೋಯಿತು, ಹೆಸರು ಮಾತ್ರ ಇಲ್ಲೇ ಉಳಿಯಿತು. ಹೆಸರಿನ ಜೊತೆ ಇನ್ನೊಂದು ಆಸ್ತಿಯೂ ಉಳಿಯಿತು. ದೇಶದ ಮಳೆಮಾಪಕಗಳ ದಾಖಲೆ ಬಂದು ಸೇರುವ ರಾಷ್ಟ್ರೀಯ ದತ್ತಾಂಶ ಕೇಂದ್ರ, ಹವಾಗುಣದ ಲೆಕ್ಕ ಹಾಕುವ ವಿಭಾಗ, ಎರಡೂ ಇವತ್ತಿಗೂ ಪುಣೆಯಲ್ಲೇ ಇವೆ. ನಮ್ಮ ಅಣ್ಣ ಪೇಪರಿನಲ್ಲಿ ಓದುವ ‘ವಾಡಿಕೆ’ ಎಂಬ ಅಂಕಿ ಗುಣಿಸಿ ಭಾಗಿಸಿ ಹೊರಬೀಳುವುದು ಇಲ್ಲಿಂದ.

ತೊಡಕಿರುವುದು ಅಂಕಿಯಲ್ಲಲ್ಲ, ಪದದಲ್ಲಿ. ಲೆಕ್ಕದವರು ಹೊಸ ಪದ ಕಟ್ಟುವುದು ಕಡಿಮೆ. ಬೀದಿಯಲ್ಲಿ ಓಡಾಡುತ್ತಿರುವ ಪದವನ್ನೇ ಒಳಗೆ ಕರೆದು, ಕೂರಿಸಿ, ‘ಇನ್ನು ಮೇಲೆ ನಿನ್ನ ಅರ್ಥ ಇಷ್ಟೇ’ ಎಂದು ಗೆರೆ ಎಳೆಯುತ್ತಾರೆ. ಒಳಗಿನವರಿಗೆ ಆ ಗೆರೆ ಕಾಣುತ್ತದೆ. ಹೊರಗಿನವರಿಗೆ ಅದೇ ಹಳೆಯ ಪದ ಕೇಳಿಸುತ್ತದೆ. ವಾಡಿಕೆ ಎಂದರೆ ನಮಗೆ ರೂಢಿ, ನಡೆದುಬಂದದ್ದು, ಹೆಚ್ಚಾಗಿ ಆಗುವಂಥದ್ದು. ಹವಾಮಾನದವರಿಗೆ ವಾಡಿಕೆ ಮಳೆ ಎಂದರೆ ಐವತ್ತು ವರ್ಷಗಳ ಮಳೆಯನ್ನು ಕೂಡಿಸಿ ಐವತ್ತರಿಂದ ಭಾಗಿಸಿದಾಗ ಬರುವ ಒಂದು ಅಂಕಿ. ಹೆಚ್ಚಾಗಿ ಅಷ್ಟು ಬೀಳುತ್ತದೆ ಎಂಬ ಭರವಸೆಯನ್ನು ಆ ಭಾಗಾಕಾರ ಎಲ್ಲಿಯೂ ಕೊಟ್ಟಿಲ್ಲ.

ಮಳೆಮಾಪಕದಿಂದಲೇ ಶುರುಮಾಡೋಣ, ಯಾಕೆಂದರೆ ಪದಕ್ಕೆ ಗೆರೆ ಎಳೆಯುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಸೇರಿದ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡುತ್ತಾರೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು ಹವಾಮಾನ ಇಲಾಖೆಯ ಪುಸ್ತಕದಲ್ಲಿ ‘ಮಳೆ ದಿನ’. ಪುಣೆಯ ಜುಲೈ ಕಂಡವರಿಗೆ ಇದರ ಚೋದ್ಯ ಗೊತ್ತು. ಬೆಳಗಿನಿಂದ ಸಂಜೆಯವರೆಗೆ ಜಿಟಿಜಿಟಿ, ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ, ಛತ್ರಿ ಇಲ್ಲದೆ ಹಾಲಿಗೂ ಹೋಗುವಂತಿಲ್ಲ. ಇಷ್ಟಾಗಿ ಗಾಜಿನಲ್ಲಿ ಎರಡು ಮಿಲಿಮೀಟರ್ ಸೇರಿದ್ದರೆ ಅದು ಮಳೆ ದಿನವಲ್ಲ. ಇಂಡಿಯಲ್ಲಿ ಮಧ್ಯಾಹ್ನ ಹತ್ತು ನಿಮಿಷ ಹೊಡೆದು, ಮತ್ತೆ ಬಿಸಿಲು ಬಂದು, ಸಂಜೆಗೆ ನೆಲವೆಲ್ಲ ಒಣಗಿದ್ದರೂ ಗಾಜಿನಲ್ಲಿ ಆರು ಮಿಲಿಮೀಟರ್ ಇದ್ದರೆ ಅದು ಮಳೆ ದಿನ. ಇದರಲ್ಲಿ ತಪ್ಪೇನಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಗೆರೆ ಎಲ್ಲಿದೆ ಎಂದು ತಿಳಿಯದೆ ‘ಈ ತಿಂಗಳು ಬರೇ ಎಂಟು ಮಳೆ ದಿನ’ ಎಂದು ಓದಿದವರು ಬರೆದವನನ್ನೇ ಬೈಯುತ್ತಾರೆ.

ಈಗ ಸರಾಸರಿಗೆ ಬರೋಣ. ಪಾರಸಿಯ ‘ಸರಾಸರ್’ ಎಂಬುದರಿಂದ ಬಂದ ಮಾತು ಇದು, ಈ ತುದಿಯಿಂದ ಆ ತುದಿಯವರೆಗೆ ಎಂದರ್ಥ. ಮರಾಠಿಯವರದೂ ಇದೇ, ನಮ್ಮದೂ ಇದೇ. ಮಾತಿನಲ್ಲಿ ಇದನ್ನು ಎರಡು ರೀತಿ ಬಳಸುತ್ತೇವೆ. ‘ಸರಾಸರಿ ಇಷ್ಟು ಖರ್ಚಾಗುತ್ತದೆ’ ಎಂದರೆ ಅಂದಾಜು ಎಂದರ್ಥ. ‘ಅವನು ಸರಾಸರಿ ಹುಡುಗ’ ಎಂದರೆ ಜಾಣನೂ ಅಲ್ಲ, ದಡ್ಡನೂ ಅಲ್ಲ, ನಡುವಿನವನು ಎಂದರ್ಥ. ಲೆಕ್ಕದ ಸರಾಸರಿ ಈ ಎರಡೂ ಅಲ್ಲ. ಅದರಲ್ಲಿ ಅಂದಾಜಿಗೆ ಜಾಗವಿಲ್ಲ, ಎಲ್ಲವನ್ನೂ ಕೂಡಿಸಿ, ಎಷ್ಟಿದ್ದವೋ ಅಷ್ಟರಿಂದ ಭಾಗಿಸು ಎಂಬ ಒಂದೇ ಅಪ್ಪಣೆ. ಬಂದ ಉತ್ತರ ನಡುವೆಯೇ ನಿಲ್ಲಬೇಕೆಂಬ ನಿಯಮವೂ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಕಾಗದ ಪೆನ್ಸಿಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಇದು ಯಾವ ಊರಿನ ದಾಖಲೆಯೂ ಅಲ್ಲ, ಒಣ ತಾಲ್ಲೂಕಿನ ಮಳೆ ಹೇಗೆ ಹರಡಿಕೊಂಡಿರುತ್ತದೆ ಎಂದು ತೋರಿಸಲು ನಾನೇ ಇಟ್ಟುಕೊಂಡ ಅಂಕಿಗಳು. ಒಂಬತ್ತು ವರ್ಷಗಳ ಜೂನ್ ತಿಂಗಳ ಮಳೆ, ಮಿಲಿಮೀಟರಿನಲ್ಲಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಓದುತ್ತೇನೆ: 12, 18, 25, 30, 38, 45, 52, 70, 160. ಕೊನೆಯದನ್ನು ಗಮನಿಸಿ. ಆ ವರ್ಷ ಒಂದು ವಾಯುಭಾರ ಕುಸಿತ ಬಂದು ಎರಡು ದಿನ ಸುರಿದುಹೋಗಿದೆ ಎಂದುಕೊಳ್ಳಿ.

ಒಟ್ಟು ಕೂಡಿಸಿದರೆ 450. ಒಂಬತ್ತರಿಂದ ಭಾಗಿಸಿದರೆ 50. ಇದು ಸರಾಸರಿ, ಇದನ್ನೇ ‘ವಾಡಿಕೆ’ ಎಂದು ಬರೆದುಕೊಳ್ಳೋಣ. ಎಷ್ಟು ವರ್ಷ 50 ಮುಟ್ಟಿದೆ ಎಂದು ಎಣಿಸಿ. 52, 70, 160, ಮೂರೇ ವರ್ಷ. ಉಳಿದ ಆರು ವರ್ಷ ಮಳೆ ವಾಡಿಕೆಗಿಂತ ಕಡಿಮೆ. ಒಂಬತ್ತರಲ್ಲಿ ಆರು ಸಲ ಪೇಪರಿನಲ್ಲಿ ಅದೇ ಸಾಲು ಬರುತ್ತದೆ, ಆರು ಸಲವೂ ಅದು ನಿಜವೇ ಆಗಿರುತ್ತದೆ. ನಮ್ಮ ಅಣ್ಣನ ದೂರು ಇಷ್ಟೇ. ಅವನು ಕೇಳಿದ್ದು ಲೆಕ್ಕದವನ ಪ್ರಶ್ನೆ, ಆಡಿದ್ದು ಮಾತ್ರ ಒಕ್ಕಲುತನದ ಭಾಷೆಯಲ್ಲಿ.

ಹಾಗಾದರೆ ಅವನು ವಾಡಿಕೆ ಎಂದು ಹುಡುಕುತ್ತಿರುವುದು ಯಾವುದನ್ನು? ಮೇಲಿನ ಸಾಲಿನ ಐದನೆಯ ಅಂಕಿಯನ್ನು, 38ನ್ನು. ಅದರ ಈಚೆ ನಾಲ್ಕು ವರ್ಷ, ಆಚೆ ನಾಲ್ಕು ವರ್ಷ. ಕನ್ನಡದ ಶಾಲಾ ಪುಸ್ತಕಗಳಲ್ಲಿ ಇದರ ಹೆಸರು ಮಧ್ಯಾಂಕ. ಅಂಕಿಗಳನ್ನು ಏರುವ ಕ್ರಮದಲ್ಲಿ ನಿಲ್ಲಿಸಿ ನಡುವೆ ನಿಂತದ್ದನ್ನು ಎತ್ತಿಕೊಳ್ಳುವುದು, ಅಷ್ಟೇ. ಅಂಕಿಗಳು ಒಂಬತ್ತರ ಬದಲು ಹತ್ತಿದ್ದರೆ ನಡುವಿನ ಎರಡನ್ನು ಕೂಡಿಸಿ ಅರ್ಧ ಮಾಡಬೇಕು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಇಲ್ಲಿ ಹುಡುಗರು ಮಾಡುವ ತಪ್ಪು ಒಂದೇ. ಜೋಡಿಸುವುದನ್ನು ಮರೆತು, ಪ್ರಶ್ನೆಯಲ್ಲಿ ಬರೆದ ಕ್ರಮದಲ್ಲೇ ಐದನೆಯದನ್ನು ಎತ್ತಿಕೊಂಡು ಬರುತ್ತಾರೆ. ‘ಮಧ್ಯ’ ಎಂಬ ಆಡುಮಾತು ಅವರ ಕೈಹಿಡಿದು ಎಳೆದಿರುತ್ತದೆ, ಕಾಗದದ ಮೇಲಿನ ಮಧ್ಯಕ್ಕೆ.

ಈಗ ಕೊನೆಯ ಅಂಕಿಯನ್ನು ಬದಲಿಸಿ. 160ರ ಜಾಗದಲ್ಲಿ 340 ಬಿದ್ದಿತ್ತು ಎನ್ನಿ. ಒಟ್ಟು 630 ಆಯಿತು, ಸರಾಸರಿ 50ರಿಂದ 70ಕ್ಕೆ ಜಿಗಿಯಿತು. ಮಧ್ಯಾಂಕ ಕದಲಲಿಲ್ಲ, ಅದೇ 38. ಉಳಿದ ಎಂಟು ವರ್ಷಗಳಲ್ಲಿ ಒಂದು ಹನಿಯೂ ಹೆಚ್ಚಾಗಿ ಬಿದ್ದಿಲ್ಲ, ಆದರೂ ಊರಿನ ‘ವಾಡಿಕೆ’ 20 ಮಿಲಿಮೀಟರ್ ಏರಿ ಕೂತಿತು. ಮಳೆಗೆ ಕೆಳಗೆ ನೆಲವಿದೆ, ಮೇಲೆ ಮಾಡಿಲ್ಲ. ಸೊನ್ನೆಗಿಂತ ಕಡಿಮೆ ಬೀಳಲಾರದು, ಮೇಲಕ್ಕೆ ಎಷ್ಟಾದರೂ ಹೋಗಬಹುದು. ಹೀಗಾಗಿ ಒಣನಾಡಿನ ಒಂದು ತಿಂಗಳ ಅಥವಾ ಒಂದು ವಾರದ ಮಳೆ ಲೆಕ್ಕದಲ್ಲಿ ಸರಾಸರಿ ಸಾಮಾನ್ಯವಾಗಿ ಮಧ್ಯಾಂಕಕ್ಕಿಂತ ಮೇಲೆಯೇ ಇರುತ್ತದೆ. ಇಡೀ ವರ್ಷದ ಮಳೆಯಲ್ಲಿ ಈ ಅಂತರ ಸಣ್ಣದು. ಕಾಲಾವಧಿ ಚಿಕ್ಕದಾದಷ್ಟೂ, ಊರು ಒಣಗಿದಷ್ಟೂ ಅಂತರ ಬೆಳೆಯುತ್ತದೆ.

ಹಾಗೆಂದು ಸರಾಸರಿಯನ್ನು ಬೈಯಬೇಕಾಗಿಲ್ಲ. ಪುಣೆಗೆ ಹೆಚ್ಚಿನ ನೀರು ಬರುವುದು ಖಡಕ್ವಾಸ್ಲಾ, ಪಾನ್‌ಶೇತ್, ವರಸಗಾಂವ್, ಟೇಮಘರ್ ಎಂಬ ನಾಲ್ಕು ಅಣೆಕಟ್ಟುಗಳಿಂದ. ಅಲ್ಲಿನ ಎಂಜಿನಿಯರಿಗೆ ಸರಾಸರಿಯೇ ಬೇಕು. ಸರಾಸರಿಯನ್ನು ವರ್ಷಗಳಿಂದ ಗುಣಿಸಿದರೆ ಒಟ್ಟು ನೀರು ಸಿಗುತ್ತದೆ, ಮಧ್ಯಾಂಕವನ್ನು ಗುಣಿಸಿದರೆ ಏನೂ ಸಿಗುವುದಿಲ್ಲ. ಒಂದು ವರ್ಷ ಸುರಿದದ್ದನ್ನು ಕೂಡಿಟ್ಟು ಮರುವರ್ಷ ಕುಡಿಯಬಲ್ಲವನಿಗೆ ಆ 160 ಮಿಲಿಮೀಟರಿನ ವರ್ಷ ವರವೇ. ಹೊಲದಲ್ಲಿ ಹಾಗೆ ಕೂಡಿಡಲು ಬರುವುದಿಲ್ಲ. ಆ ವರ್ಷದ ನೀರು ಹಳ್ಳ ಸೇರಿ ಭೀಮೆಗೆ ಹೋಗಿಬಿಟ್ಟಿರುತ್ತದೆ, ಲೆಕ್ಕದಲ್ಲಿ ಮಾತ್ರ ಉಳಿದ ಎಂಟು ವರ್ಷಗಳ ಮೇಲೆ ಹಂಚಿಕೊಂಡು ಕೂತಿರುತ್ತದೆ. ಬಿತ್ತಬೇಕೋ ಬೇಡವೋ ಎಂದು ನೋಡುವವನಿಗೆ ಮಧ್ಯಾಂಕ, ಕೆರೆ ಕಟ್ಟುವವನಿಗೆ ಸರಾಸರಿ. ಮೂರನೆಯ ಅಣ್ಣತಮ್ಮ ಬಹುಲಕ, ಅತಿ ಹೆಚ್ಚು ಸಲ ಬಂದ ಅಂಕಿ. ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಒಂಬತ್ತು ವರ್ಷಗಳಲ್ಲಿ ಯಾವ ಅಂಕಿಯೂ ಎರಡು ಸಲ ಬಂದೇ ಇಲ್ಲ.

ಸರಾಸರಿಯದು ಇನ್ನೊಂದು ಕಣ್ಕಟ್ಟಿದೆ, ಅದು ವರ್ಷಗಳ ಮೇಲಲ್ಲ, ನೆಲದ ಮೇಲೆ. ಪುಣೆ ಜಿಲ್ಲೆಯ ಪಡುವಣ ಅಂಚಿನ ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುವ ಮಳೆ. ಅದೇ ಜಿಲ್ಲೆಯ ಮೂಡಣದ ಬಾರಾಮತಿ, ಇಂದಾಪುರದ ಕಡೆ ಐನೂರರ ಆಸುಪಾಸು. ಎರಡನ್ನೂ ಬೆರೆಸಿದ ‘ಪುಣೆ ಜಿಲ್ಲೆಯ ಸರಾಸರಿ’ಯಷ್ಟು ಮಳೆಯನ್ನು ಈ ಎರಡು ಕಡೆಯವರೂ ಸಾಮಾನ್ಯವಾಗಿ ಕಾಣುವುದಿಲ್ಲ. ಬೆಳಗಾವಿ ಜಿಲ್ಲೆಯ ಕೇಳುಗರಿಗೆ ಖಾನಾಪುರ, ಅಥಣಿ ಎಂದರೆ ಸಾಕು, ಮುಂದಿನದು ಅವರಿಗೇ ಗೊತ್ತು.

ಪುಣೆಯಲ್ಲಿರುವ ಕನ್ನಡಿಗರಿಗೆ ಈ ಪದಗಳ ವಿಷಯದಲ್ಲಿ ಬೇರೆಯೇ ಒಂದು ಪೇಚಾಟವಿದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಸೊಸೈಟಿಯಲ್ಲಿ ವಿಜಯಪುರದ ಕಡೆಯ ಒಂದು ಮನೆತನ. ಅವರ ಹುಡುಗಿ ಎಂಟನೆಯ ತರಗತಿಯವರೆಗೆ ಊರಲ್ಲಿ ಕನ್ನಡದಲ್ಲಿ ಓದಿ, ಒಂಬತ್ತನೆಯದಕ್ಕೆ ಪುಣೆಯ ಮರಾಠಿ ಶಾಲೆಗೆ ಸೇರಿದಳು. ಜಾಣೆ, ಮರಾಠಿ ಮೂರೇ ತಿಂಗಳಲ್ಲಿ ಬಂತು. ಸಂಖ್ಯಾಶಾಸ್ತ್ರದ ಪಾಠದ ಪರೀಕ್ಷೆಯಲ್ಲಿ ‘ಮಧ್ಯ ಕಾಢಾ’ ಎಂದು ಕೇಳಿದ್ದರು, ಮಧ್ಯವನ್ನು ಕಂಡುಹಿಡಿ ಎಂದು. ಅವಳು ಅಂಕಿಗಳನ್ನು ಏರುಕ್ರಮದಲ್ಲಿ ಜೋಡಿಸಿ ನಡುವಿನದನ್ನು ಬರೆದು ಬಂದಳು. ಸೊನ್ನೆ ಬಂತು. “ಅಜ್ಜಾ, ನಡುವಿಂದs ಬರದೀನಿ, ತಪ್ಪು ಹ್ಯಾಂಗ?” ಎಂದು ಪತ್ರಿಕೆ ಹಿಡಿದು ನನ್ನ ಹತ್ತಿರ ಬಂದಳು.

ತಪ್ಪು ಅವಳದೇ, ಆದರೆ ನ್ಯಾಯವಾದ ತಪ್ಪು. ಮರಾಠಿ ಶಾಲಾ ಪುಸ್ತಕದಲ್ಲಿ ‘ಮಧ್ಯ’ ಎಂದರೆ ಸರಾಸರಿ. ನಡುವಿನ ಅಂಕಿಗೆ ಅಲ್ಲಿ ‘ಮಧ್ಯಕ’ ಎನ್ನುತ್ತಾರೆ. ಒಂದು ಕ-ಕಾರದ ಅಂತರದಲ್ಲಿ ಉತ್ತರವೇ ಬೇರೆಯಾಗುತ್ತದೆ. ಹೆಸರಿಟ್ಟವರನ್ನು ದೂರುವಂತಿಲ್ಲ. ಮೂರಕ್ಕೂ, ಅಂದರೆ ಮಧ್ಯ, ಮಧ್ಯಕ, ಬಹುಲಕಗಳಿಗೆ, ‘ರಾಶಿಯ ನಡುಭಾಗ ಎಲ್ಲಿದೆ ಎಂದು ಹೇಳುವ ಅಳತೆಗಳು’ ಎಂದೇ ಹೆಸರು. ಆದರೂ ನನ್ನ ಮತ ಕೇಳಿದರೆ, ಇಲ್ಲಿ ಕನ್ನಡದ ಪುಸ್ತಕವೇ ಗೆದ್ದಿದೆ. ಸರಾಸರಿ, ಮಧ್ಯಾಂಕ ಎಂಬ ಎರಡು ಪದಗಳನ್ನು ಕಿವಿ ಎಂದೂ ಕಲಸಿಕೊಳ್ಳುವುದಿಲ್ಲ.

ಅವಳಿಗೆ ಕಾದಿದ್ದ ಮುಂದಿನ ಗುಂಡಿ ಅನುಪಾತ. ಎರಡು ಅಂಕಿಗಳಲ್ಲಿ ಒಂದು ಇನ್ನೊಂದರ ಎಷ್ಟು ಪಟ್ಟು ಎಂದು ಹೇಳುವುದಕ್ಕೆ ಕನ್ನಡದಲ್ಲಿ ಅನುಪಾತ ಎನ್ನುತ್ತೇವೆ. ಅಂಥ ಎರಡು ಅನುಪಾತಗಳು ಸಮವಾದರೆ ಸಮಾನುಪಾತ. ಮರಾಠಿಯಲ್ಲಿ ಅನುಪಾತಕ್ಕೆ ‘ಗುಣೋತ್ತರ’, ಸಮಾನುಪಾತಕ್ಕೆ ‘ಪ್ರಮಾಣ’. ಕನ್ನಡದ ಹುಡುಗಿಗೆ ಗುಣೋತ್ತರ ಎಂದರೆ ಶ್ರೇಢಿ ನೆನಪಾಗುತ್ತದೆ, ಎರಡು, ನಾಲ್ಕು, ಎಂಟು, ಹದಿನಾರು. ಪ್ರಮಾಣ ಎಂದರೆ ‘ಮಳೆಯ ಪ್ರಮಾಣ ಹೆಚ್ಚಾಗಿದೆ’ ಎಂಬ ಮಾತು ನೆನಪಾಗುತ್ತದೆ, ಅಲ್ಲಿ ಅದು ಬರೀ ಮೊತ್ತ, ಹೋಲಿಕೆಯಲ್ಲ. ಕೋರ್ಟಿನಲ್ಲಿ ಮಾಡುವ ಪ್ರಮಾಣ ಬೇರೆ. ಈ ಪದಕ್ಕೆ ಲೆಕ್ಕದಲ್ಲೂ ಹಳೆಯ ಇನ್ನೊಂದು ಅರ್ಥವಿದೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯ ತ್ರೈರಾಶಿಕದಲ್ಲಿ ಮೂರು ರಾಶಿಗಳ ಹೆಸರು ಪ್ರಮಾಣ, ಫಲ, ಇಚ್ಛೆ. ಐದು ಕಿಲೋ ಜೋಳಕ್ಕೆ 200 ರೂಪಾಯಿಯಾದರೆ ಎಂಟು ಕಿಲೋಗೆ ಎಷ್ಟು? ಐದು ಕಿಲೋ ಪ್ರಮಾಣ, 200 ಫಲ, ಎಂಟು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 320. ಮೂರೂ ದಿನಬಳಕೆಯ ಮಾತುಗಳು, ಮೂರಕ್ಕೂ ಗೆರೆ ಎಳೆದ ಅರ್ಥ. ಅಂದರೆ ಲೆಕ್ಕದವರ ಈ ಚಾಳಿ ಇಂದಿನದಲ್ಲ.

ಅನುಪಾತದಲ್ಲಿ ಮುಖ್ಯ ಸಂಗತಿ ಒಂದೇ, ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀರಿ ಎಂಬುದು. ಪೇಪರಿನಲ್ಲಿ ‘ಶೇಕಡಾ 24 ಕೊರತೆ’ ಎಂದಿದ್ದರೆ ಅದು ವಾಡಿಕೆಯ ಶೇಕಡಾ 24. ಬಿದ್ದ ಮಳೆಯಿಂದ ವಾಡಿಕೆಯನ್ನು ಕಳೆದು, ವಾಡಿಕೆಯಿಂದಲೇ ಭಾಗಿಸಿ, ನೂರರಿಂದ ಗುಣಿಸಿದ್ದು. ಇಂಥ ಎರಡು ಶೇಕಡಾಗಳನ್ನು ಕೂಡಿಸುವಂತಿಲ್ಲ, ಸರಾಸರಿ ತೆಗೆಯುವಂತಿಲ್ಲ. ಒಂದು ಊರಿಗೆ ಜೂನಿನ ವಾಡಿಕೆ 50 ಮಿಲಿಮೀಟರ್, ಸೆಪ್ಟೆಂಬರಿನದು 150 ಎಂದುಕೊಳ್ಳಿ. ಜೂನಿನಲ್ಲಿ 75 ಬಿತ್ತು, ಶೇಕಡಾ 50 ಹೆಚ್ಚು. ಸೆಪ್ಟೆಂಬರಿನಲ್ಲೂ 75 ಬಿತ್ತು, ಶೇಕಡಾ 50 ಕಡಿಮೆ. ಹೆಚ್ಚು 50, ಕಡಿಮೆ 50, ಅಲ್ಲಿಗಲ್ಲಿಗೆ ಸರಿಹೋಯಿತು ಎಂದರೆ ಮೋಸ ಹೋದಿರಿ. ಬೇಕಾಗಿದ್ದದ್ದು 200, ಬಂದದ್ದು 150, ಕೊರತೆ ಕಾಲುಭಾಗ. ಅದೂ ಹಿಂಗಾರಿ ಜೋಳ ಬಿತ್ತಲು ನೆಲದಲ್ಲಿ ಹಸಿ ಕೂರಬೇಕಾದ ಸೆಪ್ಟೆಂಬರಿನಲ್ಲಿ.

ಮತ್ತೆ ನಮ್ಮ ಒಂಬತ್ತು ಜೂನ್‌ಗಳಿಗೆ ಹೋಗೋಣ. ಜಿಲ್ಲೆ, ತಾಲ್ಲೂಕುಗಳ ಮಳೆಗೆ ಬಣ್ಣ ಹಚ್ಚುವಾಗ ಹವಾಮಾನದವರ ಗೆರೆ ಹೀಗಿದೆ. ವಾಡಿಕೆಗಿಂತ ಶೇಕಡಾ 19 ಕಡಿಮೆಯಿಂದ ಶೇಕಡಾ 19 ಹೆಚ್ಚಿನವರೆಗೆ ‘ವಾಡಿಕೆ’, ನಕ್ಷೆಯಲ್ಲಿ ಹಸಿರು. ಶೇಕಡಾ 20ರಿಂದ 59ರಷ್ಟು ಕಡಿಮೆಯಾದರೆ ‘ಕೊರತೆ’. ಅದಕ್ಕೂ ಕಡಿಮೆಯಾದರೆ ‘ತೀವ್ರ ಕೊರತೆ’. ನಮ್ಮ ಮಧ್ಯಾಂಕದ ವರ್ಷ, ಎಂದರೆ 38 ಮಿಲಿಮೀಟರ್ ಬಿದ್ದ ವರ್ಷ, 50ರ ವಾಡಿಕೆಗಿಂತ ಶೇಕಡಾ 24 ಕಡಿಮೆ. ನಾಲ್ಕು ವರ್ಷ ತನಗಿಂತ ಕೆಟ್ಟವು, ನಾಲ್ಕು ವರ್ಷ ತನಗಿಂತ ಒಳ್ಳೆಯವು, ನಟ್ಟನಡುವಿನ ವರ್ಷ ಅದು. ಅದಕ್ಕೆ ಸಿಕ್ಕ ಹೆಸರು ‘ಕೊರತೆ’. ಒಂಬತ್ತರಲ್ಲಿ ಹಸಿರು ಬಣ್ಣ ಸಿಕ್ಕಿದ್ದು 45ಕ್ಕೆ ಮತ್ತು 52ಕ್ಕೆ, ಎರಡೇ ವರ್ಷಕ್ಕೆ.

ಇನ್ನೊಂದು ಮಜಾ ಇದೆ. ‘ವಾಡಿಕೆ’ ಎಂಬ ಇದೇ ಪದಕ್ಕೆ ಇಡೀ ದೇಶದ ಮುಂಗಾರಿನ ಮುನ್ಸೂಚನೆಯಲ್ಲಿ ಗೆರೆ ಬೇರೆ. ಅಲ್ಲಿ ದೀರ್ಘಾವಧಿ ಸರಾಸರಿಯ ಶೇಕಡಾ 96ರಿಂದ 104ರವರೆಗೆ ಮಾತ್ರ ವಾಡಿಕೆ, 90ರಿಂದ 95 ಎಂದರೆ ವಾಡಿಕೆಗಿಂತ ಕಡಿಮೆ. 2023ರ ಮುಂಗಾರಿನಲ್ಲಿ ದೇಶಕ್ಕೆ ಬಿದ್ದದ್ದು ಸರಾಸರಿಯ ಶೇಕಡಾ 94. ಈ ಮೆಟ್ಟಿಲುಗಳ ಪ್ರಕಾರ ಅದು ವಾಡಿಕೆಗಿಂತ ಕಡಿಮೆ. ಅದೇ ಶೇಕಡಾ 6ರ ಇಳಿತ ಒಂದು ಜಿಲ್ಲೆಯಲ್ಲಾಗಿದ್ದರೆ ಹಸಿರು ಬಣ್ಣ ಬೀಳುತ್ತಿತ್ತು. ಇದು ಪಕ್ಷಪಾತವಲ್ಲ. ಕೇರಳದಲ್ಲಿ ಕಡಿಮೆಯಾದದ್ದು ರಾಜಸ್ಥಾನದಲ್ಲಿ ಹೆಚ್ಚಾಗಿ, ಇಡೀ ದೇಶದ ಮೊತ್ತ ಸರಾಸರಿಯ ಹತ್ತಿರವೇ ಸುಳಿಯುತ್ತದೆ. ಅದರ ಮಾಮೂಲು ಏರಿಳಿತ ಸರಾಸರಿಯ ಸುಮಾರು ಶೇಕಡಾ ಹತ್ತು. ಒಂದೇ ತಾಲ್ಲೂಕಿನ ಮಳೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಾರಾಡುತ್ತದೆ. ಹೆಚ್ಚು ಹಾರಾಡುವುದಕ್ಕೆ ಅಗಲವಾದ ಪಟ್ಟಿ, ಕಡಿಮೆ ಹಾರಾಡುವುದಕ್ಕೆ ಕಿರಿದಾದ ಪಟ್ಟಿ. ಕೇಳುವವನಿಗೆ ಮಾತ್ರ ಎರಡೂ ಕಡೆ ಒಂದೇ ಪದ ಕೇಳಿಸುತ್ತದೆ.

ಕೊನೆಗೆ ಚರ ಮತ್ತು ಸ್ಥಿರ. ಈ ಜೋಡಿ ನಮಗೆ ತಹಶೀಲ್ದಾರ ಕಚೇರಿಯಿಂದ ಪರಿಚಿತ: ಚರಾಸ್ತಿ ಎಂದರೆ ಎತ್ತು, ಬಂಡಿ, ಬಂಗಾರ, ಸ್ಥಿರಾಸ್ತಿ ಎಂದರೆ ಹೊಲ, ಮನೆ. ಮರಾಠಿಯವರು ಲೆಕ್ಕದ ಚರಕ್ಕೆ ‘ಚಲ’ ಎನ್ನುತ್ತಾರೆ. ನಮ್ಮ ಕಡೆಯವರ ಕಿವಿಗೆ ಅದು ಛಲವೋ, ‘ಚಲೋ’ವೋ ಆಗಿ ಕೇಳಿಸುವುದುಂಟು. ಲೆಕ್ಕದ ಚರ ಓಡಾಡುವುದಿಲ್ಲ. ಅದು ಅಂಕಿ ಬಂದು ಕೂರಲು ಖಾಲಿ ಬಿಟ್ಟ ಮಣೆ. ಮಳೆಯ ಶೇಕಡಾ ಲೆಕ್ಕದಲ್ಲಿ ‘ಬಿದ್ದ ಮಳೆ’ ಚರ, ಪ್ರತಿ ವರ್ಷ ಹೊಸ ಅಂಕಿ ಬಂದು ಆ ಮಣೆಯ ಮೇಲೆ ಕೂರುತ್ತದೆ. ‘ವಾಡಿಕೆ’ ಸ್ಥಿರಾಂಕ, ಅದು ಕೂತಲ್ಲೇ ಇರುತ್ತದೆ. ಸ್ಥಿರ ಎಂದರೆ ಎಂದೆಂದಿಗೂ ಬದಲಾಗದ್ದು ಎಂದು ತಿಳಿಯಬಾರದು. ಈ ಲೆಕ್ಕ ನಡೆಯುವಷ್ಟು ಹೊತ್ತು ಬದಲಾಗದ್ದು, ಅಷ್ಟೇ ಅದರ ಅರ್ಥ.

ಪುಣೆಯ ಆ ಸ್ಥಿರಾಂಕವೂ ಬದಲಾಗುತ್ತ ಬಂದಿದೆ. 1951ರಿಂದ 2000ದವರೆಗಿನ ಐವತ್ತು ವರ್ಷ ಹಿಡಿದಾಗ ದೇಶದ ಮುಂಗಾರಿನ ಸರಾಸರಿ 89 ಸೆಂಟಿಮೀಟರ್. 1961ರಿಂದ 2010 ಹಿಡಿದಾಗ 88. 2022ರಲ್ಲಿ 1971ರಿಂದ 2020ರ ಲೆಕ್ಕಕ್ಕೆ ಬಂದರು, ಆಗ 87. ಹತ್ತು ವರ್ಷಕ್ಕೊಮ್ಮೆ ಹಳೆಯ ಹತ್ತು ವರ್ಷಗಳನ್ನು ಬಿಟ್ಟು ಹೊಸ ಹತ್ತನ್ನು ಸೇರಿಸುತ್ತಾರೆ, ಐವತ್ತರ ಕಿಟಕಿ ಹೀಗೆ ಮುಂದಕ್ಕೆ ಸರಿಯುತ್ತದೆ. 2021ರಲ್ಲಿ ದೇಶಕ್ಕೆ ಬಿದ್ದದ್ದು ಸುಮಾರು 874 ಮಿಲಿಮೀಟರ್. ಆಗ ಚಾಲ್ತಿಯಲ್ಲಿದ್ದ ಸರಾಸರಿ 880.6, ಅದರ ಲೆಕ್ಕದಲ್ಲಿ ಶೇಕಡಾ 99, ಎಂದರೆ ಒಂದು ಪಾಲು ಕಡಿಮೆ. ಮರುವರ್ಷ ಬಂದ ಹೊಸ ಸರಾಸರಿ 868.6. ಅದರಿಂದ ಅಳೆದರೆ ಅದೇ ಮಳೆ ವಾಡಿಕೆಗಿಂತ ತುಸು ಹೆಚ್ಚು. ನೀರು ಬಿದ್ದು ವರ್ಷವಾಗಿತ್ತು, ಅದರಲ್ಲಿ ಹನಿಯೂ ಹೆಚ್ಚು ಕಡಿಮೆಯಾಗಲಿಲ್ಲ, ಆದರೂ ಕೊರತೆ ಹೋಗಿ ಹೆಚ್ಚಳ ಬಂತು. ಹಳೆಯ ಪೇಪರಿನ ಶೇಕಡಾವನ್ನೂ ಹೊಸ ಪೇಪರಿನ ಶೇಕಡಾವನ್ನೂ ಪಕ್ಕದಲ್ಲಿಟ್ಟು ವಾದ ಮಾಡುವವರು ಯಾವ ಐವತ್ತು ವರ್ಷದ ವಾಡಿಕೆ ಎಂದು ಮೊದಲು ಕೇಳಿಕೊಳ್ಳಬೇಕು.

ಅಣ್ಣನಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಲಿಲ್ಲ. ಒಂದೇ ಮಾತು ಕೇಳಿದೆ. ಅವನು ಅಪ್ಪನ ಕಾಲದಿಂದ ಬಂದ ಖಾತೆ ಪುಸ್ತಕದಲ್ಲಿ ಬಿತ್ತಿದ ದಿನ, ದೊಡ್ಡ ಮಳೆ ಬಂದ ದಿನ ಎಲ್ಲ ಬರೆದಿಡುತ್ತಾನೆ. ಮುಂದೆ ತಾಲ್ಲೂಕು ಕಚೇರಿಗೆ ಹೋದಾಗ ಅಲ್ಲಿನ ಮಳೆಮಾಪಕದ ಜೂನ್ ಅಂಕಿಗಳನ್ನು, ಎಷ್ಟು ವರ್ಷದ್ದು ಸಿಗುತ್ತವೋ ಅಷ್ಟನ್ನು, ಆ ಪುಸ್ತಕದ ಹಿಂದಿನ ಹಾಳೆಗೆ ಇಳಿಸಿಕೊಂಡು ಬಾ ಎಂದೆ. ಹದಿನೇಳು ವರ್ಷದ್ದು ತಂದ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಒಂಬತ್ತನೆಯದಕ್ಕೆ ಗೆರೆ ಹೊಡಿ ಎಂದೆ. ಸ್ವಲ್ಪ ಹೊತ್ತಿಗೆ ಅವನೇ ಫೋನು ಮಾಡಿದ. “ಹೂಂ, ಇದು ನೋಡು ನಮ್ಮೂರ ವಾಡಿಕಿ” ಎಂದ.

ಪತ್ರಿಕೆಯವರಲ್ಲಿ, ಕೃಷಿ ಇಲಾಖೆಯವರಲ್ಲಿ ನನ್ನದೊಂದು ಬಿನ್ನಹ. ಒಣ ತಾಲ್ಲೂಕುಗಳ ತಿಂಗಳ ಮಳೆಯ ವರದಿ ಕೊಡುವಾಗ ವಾಡಿಕೆಯ ಪಕ್ಕದಲ್ಲಿ ಮಧ್ಯಾಂಕದ ಅಂಕಿಯನ್ನೂ ಅಚ್ಚು ಹಾಕಿ. ಅದಕ್ಕೆ ಬೇಕಾದ ದಾಖಲೆಯೆಲ್ಲ ಇದ್ದೇ ಇದೆ, ಹೆಚ್ಚಿಗೆ ಬೇಕಾಗುವುದು ಒಂದು ಕಾಲಮ್ಮಿನಷ್ಟು ಜಾಗ.